ಅಳಿಸುವ ಮುನ್ನ ಆ ಡ್ರೈವಿನಲ್ಲಿ ಮಾತ್ರ ಏನಿದೆ ಎಂದು ನೋಡಿಕೊಳ್ಳಿ

ಪ್ರಶ್ನೆ: ಮ್ಯಾಕಿನ ಬ್ಯಾಕಪ್ ಡ್ರೈವನ್ನು ಡಿಸ್ಕ್ ಯುಟಿಲಿಟಿಯಲ್ಲಿ ಪರಿಶೀಲಿಸಿದರೆ ದೋಷಗಳಿವೆ ಎಂದು ತೋರಿಸುತ್ತಿದೆ. ಪೂರ್ತಿ ಅಳಿಸಿ ಹೊಸದಾಗಿ ಬ್ಯಾಕಪ್ ಶುರು ಮಾಡುವುದು ಒಳ್ಳೆಯದೇ?

ಅಳಿಸಬೇಡಿ; ಈಗಂತೂ ಬೇಡ. 2023ರ ಫೆಬ್ರವರಿಯಲ್ಲಿ ನಾನೂ ಇದೇ ಪ್ರಶ್ನೆಯನ್ನು ಕೇಳಿಕೊಂಡು, ಅರ್ಧ ಗಂಟೆಯೊಳಗೆ ಹೌದು ಎಂದು ನಾನೇ ಉತ್ತರ ಕೊಟ್ಟುಕೊಂಡು, Erase ಗುಂಡಿಯನ್ನು ಒತ್ತಿದೆ. ಆಗ ಕಳೆದುಕೊಂಡದ್ದು ಇವತ್ತಿಗೂ ಪೂರ್ತಿಯಾಗಿ ಸಿಕ್ಕಿಲ್ಲ.

ನನ್ನದು 256 ಜಿಬಿಯ ಲ್ಯಾಪ್‌ಟಾಪ್. ಬ್ಯಾಕಪ್‌ಗೆ 1 ಟಿಬಿಯ ಪುಟ್ಟ ಪೋರ್ಟಬಲ್ ಡ್ರೈವ್ ಇತ್ತು. ಅದನ್ನು ಒಂದು ಯುಎಸ್‌ಬಿ ಹಬ್‌ಗೆ ಸಿಕ್ಕಿಸಿ, ಹಬ್ಬನ್ನು ಮೇಜಿನ ಅಂಚಿಗೆ ಅಂಟಿಸಿಬಿಟ್ಟಿದ್ದೆ. ವಾರಕ್ಕೊಂದೆರಡು ಸಲ ಡ್ರೈವ್ ಸರಿಯಾಗಿ ಎಜೆಕ್ಟ್ ಆಗಿಲ್ಲವೆಂಬ ಎಚ್ಚರಿಕೆ ಪರದೆಯ ಮೂಲೆಯಲ್ಲಿ ಮೂಡಿ ಮಾಯವಾಗುತ್ತಿತ್ತು; ನಾನು ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಕೆಲಸ ಮುಂದುವರಿಸುತ್ತಿದ್ದೆ. ಒಂದು ರಾತ್ರಿ ಬ್ಯಾಕಪ್ ನಡುವೆಯೇ ನಿಂತುಹೋದಾಗ ಡಿಸ್ಕ್ ಯುಟಿಲಿಟಿಯನ್ನು ತೆರೆದು First Aid ಓಡಿಸಿದೆ. ಬ್ಯಾಕಪ್ ಡ್ರೈವಿನಲ್ಲಿ ಈ ಪರಿಶೀಲನೆ ಬೇಗ ಮುಗಿಯುವುದಿಲ್ಲ. 2020ರ ಬಿಗ್ ಸರ್ ಆವೃತ್ತಿಯಿಂದೀಚೆಗೆ ಮ್ಯಾಕಿನದೇ ಬ್ಯಾಕಪ್ ವ್ಯವಸ್ಥೆಯಾದ ಟೈಮ್ ಮಷೀನ್‌ನಲ್ಲಿ ಹೊಸದಾಗಿ ಶುರು ಮಾಡಿದ ಡ್ರೈವುಗಳು ಎಪಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿರುತ್ತವೆ, ಪ್ರತಿಯೊಂದು ಬ್ಯಾಕಪ್ಪೂ ಅದರಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಸ್ಥಿತಿಯ ಚಿತ್ರ, ಆಗಿ ಕುಳಿತಿರುತ್ತದೆ, ಪರಿಶೀಲನೆಯು ಅವುಗಳನ್ನು ಒಂದೊಂದಾಗಿ ಹಾದು ಹೋಗಬೇಕು. ಬೆಳಿಗ್ಗೆ ಎದ್ದು ನೋಡಿದಾಗ, ಒಂದು ಹಳೆಯ ಸ್ನ್ಯಾಪ್‌ಶಾಟ್‌ನ ಹೆಸರಿನ ಕೆಳಗೆ `error:` ಎಂದು ಶುರುವಾಗುವ ಎರಡು ಸಾಲುಗಳು, ಕೊನೆಯಲ್ಲಿ `was found to be corrupt and needs to be repaired`, ಅದರಡಿಯಲ್ಲಿ `File system check exit code is 8`.

ಆ ಸಾಲುಗಳನ್ನು ನಾನು ಓದಲಿಲ್ಲ, ಬರೀ ನೋಡಿದೆ. ಓದಿದ್ದರೆ, ಏಟು ಬಿದ್ದಿರುವುದು ಒಂದು ಹಳೆಯ ಸ್ನ್ಯಾಪ್‌ಶಾಟ್‌ಗೆ, ಉಳಿದವುಗಳನ್ನು ಅದು ತಕರಾರಿಲ್ಲದೆ ದಾಟಿ ಹೋಗಿದೆ ಎಂಬುದು ತಿಳಿಯುತ್ತಿತ್ತು. ನನ್ನ ತಲೆಯಲ್ಲಿ ಓಡಿದ ತರ್ಕ ಇಷ್ಟೇ: ಬ್ಯಾಕಪ್ ಎಂದರೆ ಲ್ಯಾಪ್‌ಟಾಪಿನ ನಕಲು, ಅಸಲು ನನ್ನ ಮುಂದೆಯೇ ಇದೆ, ಹಾಗಿದ್ದಮೇಲೆ ಕೆಟ್ಟ ನಕಲನ್ನು ಅಳಿಸಿ ಇನ್ನೊಂದು ನಕಲು ಮಾಡಿಕೊಂಡರೆ ಹೋಗುವುದೇನು?

ಈ ತರ್ಕದಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗೂ ಅದೇ ತರ್ಕವಿದೆ ಎಂದು ನನಗನ್ನಿಸುತ್ತದೆ. ಟೈಮ್ ಮಷೀನ್ ಡ್ರೈವು ಲ್ಯಾಪ್‌ಟಾಪಿನ ಇಂದಿನ ನಕಲಲ್ಲ. ಅದು ಲ್ಯಾಪ್‌ಟಾಪು ಕಳೆದ ತಿಂಗಳು, ಕಳೆದ ವರ್ಷ ಹೇಗಿತ್ತು ಎಂಬುದರ ದಾಖಲೆಯೂ ಹೌದು. ನೀವು ಇಲ್ಲಿಂದ ಒಂದು ಫೈಲನ್ನು ತೆಗೆದುಹಾಕಿದರೂ ಅಲ್ಲಿನ ಹಳೆಯ ಬ್ಯಾಕಪ್‌ಗಳಲ್ಲಿ ಅದು ಉಳಿದಿರುತ್ತದೆ. ನಾನು 2018ರಿಂದ 2020ರವರೆಗೆ ನಮ್ಮ ಊರಿನ ಸುತ್ತಮುತ್ತ ನಡೆದ ತಾಳಮದ್ದಳೆಗಳನ್ನು ಒಂದು ಪುಟ್ಟ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡಿದ್ದೆ. ರಾತ್ರಿಯಿಡೀ ನಡೆದ ಪ್ರಸಂಗಗಳು, ಒಟ್ಟು ನಲವತ್ತು ಜಿಬಿಯಷ್ಟು. 2021ರ ಕೊನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಬಂದಾಗ, ಹೇಗೂ ಬ್ಯಾಕಪ್ಪಿನಲ್ಲಿದೆಯಲ್ಲ ಎಂದುಕೊಂಡು ಆ ಫೋಲ್ಡರನ್ನು ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿದ್ದೆ. ಆ ಕ್ಷಣದಿಂದ ನಕಲೇ ಅಸಲಾಯಿತು, ಅದೂ ಒಂದೇ ಒಂದು. ಅದು ನನಗೆ ಹೊಳೆಯಲಿಲ್ಲ. ಹದಿನಾಲ್ಕು ತಿಂಗಳ ನಂತರ Erase ಒತ್ತುವಾಗಲಂತೂ ಆ ಫೋಲ್ಡರು ನೆನಪಿನಲ್ಲೇ ಇರಲಿಲ್ಲ. ಅಳಿಸಿದ್ದು ಕೂಡ ಹಾಗೆ ನೋಡಿದರೆ ಎರಡನೆಯ ತಪ್ಪು. ಡ್ರೈವ್ ತುಂಬಿದಾಗ ಟೈಮ್ ಮಷೀನ್ ತೀರ ಹಳೆಯ ಬ್ಯಾಕಪ್‌ಗಳನ್ನು ತಾನೇ ತೆಗೆದು ಜಾಗ ಮಾಡಿಕೊಳ್ಳುತ್ತದೆ. ನಾನು ಅಳಿಸದಿದ್ದರೂ ಆ ಮುದ್ರಣಗಳು ಎಂದಾದರೊಂದು ದಿನ ಹೋಗುವುದರಲ್ಲಿಯೇ ಇದ್ದವು.

ಕಳೆದುಹೋದದ್ದು ಗೊತ್ತಾದದ್ದು ಏಪ್ರಿಲ್‌ನಲ್ಲಿ, ಊರಿನ ಹಿರಿಯ ಅರ್ಥಧಾರಿಯೊಬ್ಬರು ತೀರಿಕೊಂಡು, ಅವರ ಮಗ ಫೋನ್ ಮಾಡಿ ಅಪ್ಪಯ್ಯನ ದನಿ ನಿಮ್ಮಲ್ಲಿ ಇದೆಯಲ್ಲವೇ ಎಂದು ಕೇಳಿದಾಗ. ಡ್ರೈವನ್ನು ದತ್ತಾಂಶ ಮರಳಿ ತೆಗೆಯುವ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡಿದ್ದಿರಾ ಎಂಬುದು. ಮಾಡಿದ್ದೆ, ಪಾಸ್‌ವರ್ಡ್ ನೆನಪಿದೆ ಎಂದೆ. ಪಾಸ್‌ವರ್ಡ್ ಇದ್ದು ಪ್ರಯೋಜನವಿಲ್ಲ, ಅದು ಬಿಚ್ಚಬೇಕಾದ ಕೀಲಿ ಡಿಸ್ಕಿನ ಮೇಲೆಯೇ ಇತ್ತು, ನೀವು ಅಳಿಸಿದಾಗ ಅದೂ ಹೋಯಿತು ಎಂದು ಅವರು ಹೇಳಿ, ದುಡ್ಡು ತೆಗೆದುಕೊಳ್ಳದೆ ಡ್ರೈವನ್ನು ಮರಳಿಸಿದರು.

ಇದಕ್ಕಿಂತ ನಗೆಪಾಟಲಿನ ಸಂಗತಿ ಇನ್ನೊಂದಿದೆ: ಅಳಿಸಿದ್ದರಿಂದ ದೋಷವೂ ಹೋಗಿರಲಿಲ್ಲ. ಹೊಸ ಬ್ಯಾಕಪ್ ಮುಗಿದ ಮೂರನೆಯ ದಿನಕ್ಕೆ ಮತ್ತೆ ಅದೇ ಎಚ್ಚರಿಕೆ, ಮತ್ತೆ `error:` ಸಾಲುಗಳು. ಆಗ ಕರ್ನಲ್ ಲಾಗನ್ನು, ಅಂದರೆ ಮ್ಯಾಕಿನ ವ್ಯವಸ್ಥೆಯ ತಿರುಳು ಬರೆದಿಡುವ ದಿನಚರಿಯನ್ನು, ನೋಡುವುದನ್ನು ಕಲಿತೆ. ನೀವು ಇದನ್ನು ಇವತ್ತೇ ಮಾಡಬಹುದು. ಪರಿಶೀಲನೆ ಓಡಿಸಿದ ಮೇಲೆ ಟರ್ಮಿನಲ್ಲಿನಲ್ಲಿ ಹೀಗೆ ಹೊಡೆಯಿರಿ:

```
log show --last 1d --predicate 'process == "kernel" AND eventMessage CONTAINS "I/O error"'
```

ನನ್ನಲ್ಲಿ `disk5s2: I/O error` ಎಂಬ ಸಾಲು ಹತ್ತಾರು ಬಾರಿ ಬಂತು. ಹೀಗೆ ಬಂದರೆ, ಮ್ಯಾಕ್ ಓದಲು ಅಥವಾ ಬರೆಯಲು ಹೋದಾಗ ಡ್ರೈವಿನ ಕಡೆಯಿಂದ ಸರಿಯಾದ ಉತ್ತರವೇ ಬಂದಿಲ್ಲ ಎಂದರ್ಥ; ಫೈಲ್ ವ್ಯವಸ್ಥೆಯ ಲೆಕ್ಕ ತಪ್ಪಿರುವುದು ಅದರ ಪರಿಣಾಮ ಮಾತ್ರ. ಕಾರಣವು ಕೇಬಲ್ಲಿನಲ್ಲಿರಬಹುದು, ಹಬ್ಬಿನಲ್ಲಿರಬಹುದು, ಡ್ರೈವಿನ ಒಳಗೇ ಇರಬಹುದು, ಮತ್ತು ಈ ಮೂರರಲ್ಲಿ ಯಾವುದನ್ನೂ ಅಳಿಸುವುದರಿಂದ ಸರಿಪಡಿಸಲಾಗುವುದಿಲ್ಲ. ಸಾಲುಗಳೇನೂ ಬರದಿದ್ದರೆ, ಹಿಂದೊಮ್ಮೆ ಬರೆಯುತ್ತಿರುವಾಗಲೇ ಡ್ರೈವ್ ಕಳಚಿಕೊಂಡು ಲೆಕ್ಕ ಕೆಟ್ಟಿರುವ ಸಾಧ್ಯತೆ ಹೆಚ್ಚು. ಡ್ರೈವು ತಾನಾಗಿ ಆರೋಗ್ಯವಾಗಿಯೇ ಇರಬಹುದು. ಡಿಸ್ಕ್ ಯುಟಿಲಿಟಿಯಲ್ಲಿ S.M.A.R.T. ಸ್ಥಿತಿಯನ್ನು, ಅಂದರೆ ಡ್ರೈವು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿಯನ್ನು, ನೋಡಿದರಾಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಯುಎಸ್‌ಬಿ ಡ್ರೈವುಗಳಿಗೆ ಅಲ್ಲಿ ಸಾಮಾನ್ಯವಾಗಿ Not Supported ಎಂದಷ್ಟೇ ಇರುತ್ತದೆ.

ಎರಡನೆಯ ಪರೀಕ್ಷೆಗೆ ಬೇರೆ ಕೇಬಲ್ ಬೇಕು. ಹಬ್ಬನ್ನು ಬಿಟ್ಟು, ಡ್ರೈವನ್ನು ನೇರವಾಗಿ ಮ್ಯಾಕಿಗೆ ಸಿಕ್ಕಿಸಿ ಇನ್ನೊಮ್ಮೆ ಪರಿಶೀಲಿಸಿ. ಡಿಸ್ಕ್ ಯುಟಿಲಿಟಿಯ First Aid ಪರಿಶೀಲಿಸುವುದರ ಜೊತೆಗೆ ರಿಪೇರಿಗೂ ಕೈಹಾಕುತ್ತದೆ. ಆದ್ದರಿಂದ ಬರೀ ನೋಡುವುದಕ್ಕೆ ಈ ಆಜ್ಞೆಯನ್ನು ಬಳಸಿ. ಕೊನೆಯ ಹೆಸರು ನಿಮ್ಮಲ್ಲಿ ಬೇರೆ ಇರುತ್ತದೆ, `diskutil list` ಅದನ್ನು ತೋರಿಸುತ್ತದೆ.

```
diskutil verifyVolume disk5s2
```

ಎರಡು ಸಲ ಓಡಿಸಿದಾಗ ಎರಡೂ ಸಲ ಅದೇ ಸ್ನ್ಯಾಪ್‌ಶಾಟ್‌ನಲ್ಲಿ ಅದೇ ಸಾಲು ಬಂದರೆ ಹಾನಿ ಡಿಸ್ಕಿನ ಮೇಲೆ ಬರೆದುಹೋಗಿದೆ. ಪ್ರತಿ ಸಲ ಬೇರೆ ಬೇರೆ ಕಡೆ ದೋಷ ಕಾಣಿಸಿದರೆ, ಅಥವಾ ಕೇಬಲ್ ಬದಲಿಸಿದ ಮೇಲೆ ದೋಷವೇ ಮಾಯವಾದರೆ, ದಾರಿಯಲ್ಲಿ ತೊಂದರೆಯಿದೆ. ನನ್ನ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಾಗ, ಪ್ಲಗ್ಗಿನ ಕತ್ತಿನ ಬಳಿ ರಬ್ಬರು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆರಳಿನಿಂದ ತುಸು ಬಾಗಿಸಿದರೆ ಡ್ರೈವಿನ ದೀಪ ಆರುತ್ತಿತ್ತು. ಅದನ್ನು ಬದಲಿಸಿ ಹಬ್ಬನ್ನೂ ಬಿಟ್ಟ ಮೇಲೆ ಆ ಲಾಗ್‌ನಲ್ಲಿ ಒಂದು ಸಾಲೂ ಬಂದಿಲ್ಲ. ಅಂದರೆ, ಮುನ್ನೂರು ರೂಪಾಯಿಯ ಕೇಬಲ್ಲಿನ ತಪ್ಪಿಗೆ ನಾನು ಡ್ರೈವಿನೊಳಗಿನದನ್ನೆಲ್ಲ ಅಳಿಸಿದ್ದೆ.

ಈಗ ನಿಮ್ಮ ಪ್ರಶ್ನೆಯ ವಿಷಯ. ಇದೇ ಡ್ರೈವನ್ನು ಅಳಿಸಬೇಕೇ, ರಿಪೇರಿ ಮಾಡಬೇಕೇ ಎಂದು ನೀವು ತೂಗುತ್ತಿದ್ದೀರಿ. ಆ ತಕ್ಕಡಿಯನ್ನೇ ನಾನು ಒಪ್ಪುವುದಿಲ್ಲ. ಇನ್ನೊಂದು ಡ್ರೈವನ್ನು ಕೊಳ್ಳಿ. ನಿಮ್ಮ ಮ್ಯಾಕಿನ ಸಾಮರ್ಥ್ಯದ ಎರಡರಷ್ಟಾದರೂ ಇರಲಿ. ಸಿಸ್ಟಮ್ ಸೆಟಿಂಗ್ಸ್‌ನಲ್ಲಿ ಟೈಮ್ ಮಷೀನ್ ತೆರೆದು, ಹಳೆಯ ಡ್ರೈವನ್ನು ಪಟ್ಟಿಯಿಂದ ತೆಗೆಯಿರಿ. ಪಟ್ಟಿಯಿಂದ ತೆಗೆದರೆ ಒಳಗಿನದು ಅಳಿಯುವುದಿಲ್ಲ, ಹೊಸದಾಗಿ ಬರೆಯುವುದು ನಿಲ್ಲುತ್ತದೆ ಅಷ್ಟೇ. ತೆಗೆಯದೆ ಬಿಟ್ಟರೆ ಮ್ಯಾಕ್ ಎರಡೂ ಡ್ರೈವುಗಳಿಗೆ ಸರದಿಯ ಮೇಲೆ ಬರೆಯುತ್ತ ಹೋಗಿ, ಕೆಟ್ಟದ್ದನ್ನು ಇನ್ನಷ್ಟು ಕೆಡಿಸಬಹುದು. ಹೊಸ ಬ್ಯಾಕಪ್ ಹೊಸ ಡ್ರೈವಿನಲ್ಲಿ ಶುರುವಾಗಲಿ. ಹಳೆಯ ಚರಿತ್ರೆಯನ್ನು ಹೊಸದಕ್ಕೆ ಸಾಗಿಸಲು ಹೋಗಬೇಡಿ. ಹಿಂದಿನ ಎಚ್‌ಎಫ್‌ಎಸ್ ಪ್ಲಸ್ ಕಾಲದಲ್ಲಿ ಬ್ಯಾಕಪ್ಪಿನ ಫೋಲ್ಡರನ್ನು ಫೈಂಡರಿನಲ್ಲಿ ಎಳೆದು ಹಾಕಬಹುದಿತ್ತು, ಎಪಿಎಫ್‌ಎಸ್ ಬ್ಯಾಕಪ್‌ಗಳನ್ನು ಹಾಗೆ ಒಂದು ಡ್ರೈವಿನಿಂದ ಇನ್ನೊಂದಕ್ಕೆ ಒಯ್ಯಲು ಬರುವುದಿಲ್ಲ.

ಆಮೇಲೆ ಹಳೆಯ ಡ್ರೈವನ್ನು ಫೈಂಡರಿನಲ್ಲಿ ತೆರೆದು, ಆರು ತಿಂಗಳಿಗೊಂದರಂತೆ ಹಳೆಯ ತಾರೀಖುಗಳ ಫೋಲ್ಡರುಗಳನ್ನು ಇಂದಿನ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ನೋಡಿ. ಜಾಗಕ್ಕಾಗಿ ತೆಗೆದುಹಾಕಿದ ಫೋಟೋಗಳು, ಹಳೆಯ ಫೋನಿನ ಬ್ಯಾಕಪ್, ಮುಗಿದುಹೋದ ಕೆಲಸದ ಫೈಲುಗಳು. ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಏನಾದರೂ ಸಿಕ್ಕೇ ಸಿಗುತ್ತದೆ. ಅದನ್ನು ಟೈಮ್ ಮಷೀನ್‌ಗೆ ಸಂಬಂಧವಿಲ್ಲದ ಮೂರನೆಯ ಜಾಗಕ್ಕೆ ನಕಲಿಸಿ, ನಕಲಿಸಿದ್ದನ್ನು ತೆರೆದು ನೋಡಿ. ತೆರೆದು ನೋಡಿ ಎನ್ನುವುದಕ್ಕೆ ಕಾರಣವಿದೆ: ಎಪಿಎಫ್‌ಎಸ್ ತನ್ನ ಲೆಕ್ಕದ ಪುಟಗಳಿಗೆ ಚೆಕ್‌ಸಮ್ ಎಂಬ ತಾಳೆ ನೋಡುವ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆಯೇ ಹೊರತು ನಿಮ್ಮ ಫೈಲಿನ ಒಳಗಿನ ವಿಷಯಕ್ಕೆ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಪರಿಶೀಲನೆಯಲ್ಲಿ ದೋಷ ತೋರಿಸಿದ ಡ್ರೈವಿನಲ್ಲಿ ನಿಮ್ಮ ಫೈಲು ಚೆನ್ನಾಗಿರಬಹುದು, ಏನೂ ದೋಷವಿಲ್ಲ ಎಂದ ಡ್ರೈವಿನಲ್ಲಿ ಅದು ಕೆಟ್ಟಿರಲೂಬಹುದು.

ರಿಪೇರಿಯನ್ನು ಇದೆಲ್ಲ ಮುಗಿದ ಮೇಲೆ ಮಾಡಿ ನೋಡಿ. ಅಳಿಸುವುದು ಅದಕ್ಕೂ ಆಮೇಲೆ, ಅದೂ ಲಾಗ್‌ನಲ್ಲಿ ಒಂದೂ ಸಾಲು ಬರದ ಡ್ರೈವಾಗಿದ್ದರೆ ಮಾತ್ರ. ಒಳ್ಳೆಯ ಕೇಬಲ್ಲಿನಲ್ಲಿ ನೇರವಾಗಿ ಸಿಕ್ಕಿಸಿದಾಗಲೂ `I/O error` ಬರುತ್ತಿದ್ದರೆ ಅದನ್ನು ಅಳಿಸಿ ಮತ್ತೆ ಬಳಸುವ ಮಾತೇ ಬೇಡ. ಬೇಕಾದದ್ದನ್ನು ತೆಗೆದುಕೊಂಡು ಕಪಾಟಿನಲ್ಲಿಡಿ.

ನನ್ನ ಮುದ್ರಣಗಳಲ್ಲಿ ಮೂರು ಪ್ರಸಂಗಗಳು ಮಾತ್ರ ಸಿಕ್ಕಿವೆ, ಅವೂ ಯಾರೋ ಕೇಳಿದ್ದಾರೆಂದು ಅಂದು ವಾಟ್ಸಾಪಿನಲ್ಲಿ ತುಂಡುತುಂಡಾಗಿ ಕಳಿಸಿದ್ದವು. ಮೇಲಿನ ಲಾಗ್ ಆಜ್ಞೆಗೆ ನಿಮ್ಮಲ್ಲಿ ಏನು ಬಂತು, ಡ್ರೈವು ಹಬ್ಬಿನ ಮೂಲಕ ಇದೆಯೇ ನೇರವಾಗಿ ಇದೆಯೇ ಎಂಬುದನ್ನು ಪ್ರಶ್ನೆಗೆ ಸೇರಿಸಿ. ಅದನ್ನು ನೋಡಿದರೆ ಕೆಟ್ಟಿರುವುದು ಡ್ರೈವೋ ದಾರಿಯೋ ಎಂದು ಹೇಳುವುದು ಸುಲಭವಾಗುತ್ತದೆ.