ನಾಲ್ಕನೇ ಎಲೆಕ್ಟ್ರಾನ್‌ವರೆಗೆ ನೀರು ಎಲ್ಲಿ ಕಾಯುತ್ತೆ?

"ದ್ಯುತಿಸಂಶ್ಲೇಷಣೆಯಲ್ಲಿ ಒಂದು ಫೋಟಾನ್‌ಗೆ ಒಂದೇ ಎಲೆಕ್ಟ್ರಾನ್ ಹೊರಡುತ್ತೆ, ಆದ್ರೆ ನೀರಿನಿಂದ O₂ ಬರೋಕೆ ನಾಲ್ಕು ತೆಗೀಬೇಕು. ಅಲ್ಲೀವರೆಗೆ ನೀರು ಅರ್ಧ ಒಡೆದು ಕೂತಿರುತ್ತಾ?"

ಇಲ್ಲ, ಆ ಬಾಕಿ ಲೆಕ್ಕ ಇಟ್ಟುಕೊಳ್ಳೋದು ಮ್ಯಾಂಗನೀಸ್. ಬೆಳಕು ಹಿಡಿಯುವ ಪ್ರೋಟೀನ್ ಸಂಕೀರ್ಣವಾದ ಫೋಟೋಸಿಸ್ಟಮ್ 2ರಲ್ಲಿ, ಕ್ಲೋರೊಪ್ಲಾಸ್ಟ್ ಒಳಗಿನ ಥೈಲಕಾಯ್ಡ್ ಪೊರೆಯ ಒಳಬದಿಗೆ, ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇರುವ ಪುಟ್ಟ ಗೊಂಚಲಿದೆ. ಬೆಳಕು ಬಿದ್ದಾಗ ಅಲ್ಲಿನ P680 ಎಂಬ ಕ್ಲೋರೊಫಿಲ್ ಒಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತೆ. ಆ ಎಲೆಕ್ಟ್ರಾನ್ ಪ್ಲಾಸ್ಟೊಕ್ವಿನೋನ್, ಸೈಟೋಕ್ರೋಮ್ ಎಂಬ ವಾಹಕಗಳನ್ನು ದಾಟಿ ಫೋಟೋಸಿಸ್ಟಮ್ 1ರ ಕಡೆ ಹೋಗುತ್ತೆ. P680 ತನ್ನ ನಷ್ಟವನ್ನು ಗೊಂಚಲಿನಿಂದ ತುಂಬಿಕೊಳ್ಳುತ್ತೆ. ಹೀಗೆ ನಾಲ್ಕು ಸಲ ಕೊಟ್ಟಾದ ಮೇಲೆ ಗೊಂಚಲು ಎರಡು ನೀರಿನ ಅಣುಗಳಿಂದ ನಾಲ್ಕನ್ನೂ ವಸೂಲಿ ಮಾಡಿ O₂ ಬಿಡುತ್ತೆ.

ಇದಕ್ಕೆ ಸೊಗಸಾದ ಸಾಕ್ಷಿ 1969ರಲ್ಲಿ ಪಿಯೆರ್ ಜೋಲಿಯೊ ತಂಡ ಮಾಡಿದ ಪ್ರಯೋಗ. ಕತ್ತಲಲ್ಲಿಟ್ಟ ಕ್ಲೋರೊಪ್ಲಾಸ್ಟ್‌ಗೆ ಕ್ಷಣಮಾತ್ರದ ಬೆಳಕಿನ ಮಿಂಚು ಕೊಡುತ್ತಾ ಹೋದರು. ಮೊದಲ ಮಿಂಚಿಗೆ ಆಮ್ಲಜನಕ ಹೆಚ್ಚುಕಮ್ಮಿ ಸೊನ್ನೆ, ಮೂರನೆಯದಕ್ಕೆ ಅತಿ ಹೆಚ್ಚು, ಆಮೇಲೆ 7, 11ಕ್ಕೆ ಮತ್ತೆ ಏರಿಕೆ. ನಾಲ್ಕರ ಬದಲು ಮೂರು ಯಾಕೆ ಅಂದ್ರೆ, ಕತ್ತಲಲ್ಲಿ ಬಹುತೇಕ ಗೊಂಚಲುಗಳು ಆಗಲೇ ಒಂದು ಹೆಜ್ಜೆ ಮುಂದಿರುವ ಸ್ಥಿತಿಯಲ್ಲಿ ನಿಂತಿರುತ್ತವೆ. ನನ್ನನ್ನೂ ತುಂಬಾ ದಿನ ಕಾಡಿದ್ದು ಇದೇ. ಕೆಲವು ಗೊಂಚಲುಗಳಿಗೆ ಆಗಾಗ ಮಿಂಚು ತಪ್ಪಿಹೋಗಿ ಎಲ್ಲವೂ ಹಿಂದೆಮುಂದೆ ಆಗೋದ್ರಿಂದ, ಇಪ್ಪತ್ತರ ಹೊತ್ತಿಗೆ ಏರಿಳಿತ ಮಸುಕಾಗುತ್ತೆ.