ಒಂದು ನಿಮಿಷದಲ್ಲಿ ಬಡಿತ ಹನ್ನೊಂದೇ ಇಳಿದರೆ?

ಪ್ರಶ್ನೆ: ನನಗೆ 48 ವರ್ಷ. ಏಳು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ಬಿಟ್ಟು ಬೇರೆ ಮಾತ್ರೆ ಇಲ್ಲ. ಟ್ರೆಡ್‌ಮಿಲ್ ಮೇಲೆ ಜೋರಾಗಿ ನಡೆದು ನಿಲ್ಲಿಸಿ, ಮುಖ ಒರೆಸಿಕೊಂಡು, ನೀರು ಕುಡಿದು ವಾಚಿನಲ್ಲಿ ‘ಮುಗಿಸು’ ಒತ್ತುತ್ತೇನೆ. ಮೊದಲ ನಿಮಿಷದಲ್ಲಿ ಬಡಿತ 142ರಿಂದ 131ಕ್ಕೆ, ಅಂದರೆ 11 ಇಳಿದಿದೆ ಎಂದು ತೋರಿಸಿತು. 12ಕ್ಕಿಂತ ಕಡಿಮೆ ಇದ್ದರೆ ಹೃದಯಕ್ಕೆ ಅಪಾಯ ಎಂದು ಓದಿ ಗಾಬರಿಯಾಗಿದೆ. ಗ್ರಾಫ್ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಗ್ರಾಫ್ ಬೇರೆಯದೇ ಹೇಳುತ್ತಿದೆ. ಬೆಲ್ಟ್ ನಿಂತ ಕ್ಷಣದಲ್ಲಿ ನಿಮ್ಮ ಬಡಿತ 153 ಇತ್ತು. ನೀವು ಗುಂಡಿ ಒತ್ತಿದ್ದು ಸುಮಾರು 25 ಸೆಕೆಂಡ್ ಆದಮೇಲೆ. ಅಷ್ಟರಲ್ಲಿ ಬಡಿತ 142ಕ್ಕೆ ಬಂದಾಗಿತ್ತು. ವಾಚು ಅಲ್ಲಿಂದ ಒಂದು ನಿಮಿಷ ಎಣಿಸಿ 131 ಎಂದು ಬರೆದುಕೊಂಡಿದೆ. ಅದು ನಿಜವಾಗಿ ನೀವು ನಿಂತ 85ನೇ ಸೆಕೆಂಡಿನ ಅಂಕಿ. ನಿಂತ ಕ್ಷಣದಿಂದ ಲೆಕ್ಕ ಹಾಕಿದರೆ 60ನೇ ಸೆಕೆಂಡಿನಲ್ಲಿ ಬಡಿತ 134, ಅಂದರೆ ಇಳಿಕೆ 19. ಬಡಿತ ಅತಿ ವೇಗವಾಗಿ ಇಳಿಯುವ ಹೊತ್ತೇ ನಿಮ್ಮ ಲೆಕ್ಕದಿಂದ ಜಾರಿಹೋಗಿತ್ತು.

ಆ ಮೊದಲರ್ಧ ನಿಮಿಷಕ್ಕೆ ಇಷ್ಟು ಬೆಲೆ ಏಕೆಂದರೆ, ಆಗ ಬಡಿತ ಇಳಿಸುವುದು ಮುಖ್ಯವಾಗಿ ವೇಗಸ್ ನರ. ಹೃದಯಕ್ಕೆ ಅದು ಬ್ರೇಕ್ ಇದ್ದ ಹಾಗೆ. ವ್ಯಾಯಾಮ ಮಾಡುವಾಗ ದೇಹ ಈ ಬ್ರೇಕನ್ನು ಸಡಿಲಿಸಿರುತ್ತದೆ, ನಿಂತ ಕೂಡಲೇ ಮತ್ತೆ ಹಾಕುತ್ತದೆ. ಅಡ್ರಿನಲಿನ್‌ನಂಥ ಉದ್ರೇಕಕಾರಿಗಳು ರಕ್ತದಿಂದ ಕರಗುವುದು, ಮೈ ತಣ್ಣಗಾಗುವುದು ಇವೆಲ್ಲ ನಿಧಾನದ ಕೆಲಸ, ಅದರ ಪರಿಣಾಮ ಎರಡನೇ ನಿಮಿಷದಿಂದ ಹೆಚ್ಚು ಕಾಣುತ್ತದೆ. ಹಾಗಾಗಿ ಮೊದಲ ನಿಮಿಷದ ಇಳಿಕೆ ಹೃದಯದ ರಕ್ತನಾಳಗಳ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಅದು ತೋರಿಸುವುದು ನರಗಳ ಹತೋಟಿಯನ್ನು.

ಇನ್ನು ನೀವು ಓದಿದ ‘12’. ಅದು 1999ರಲ್ಲಿ ಪ್ರಕಟವಾದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಅಧ್ಯಯನದಿಂದ ಬಂದದ್ದು. ಟ್ರೆಡ್‌ಮಿಲ್ ಪರೀಕ್ಷೆಗೆ ವೈದ್ಯರು ಕಳಿಸಿದ್ದ 2,428 ಜನರನ್ನು ಸುಮಾರು ಆರು ವರ್ಷ ಗಮನಿಸಲಾಯಿತು. ಮೊದಲ ನಿಮಿಷದಲ್ಲಿ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಸಾವಿನ ಪ್ರಮಾಣ ಉಳಿದವರದ್ದಕ್ಕಿಂತ ನಾಲ್ಕು ಪಟ್ಟು ಇತ್ತು. ವಯಸ್ಸು, ಬೇರೆ ಕಾಯಿಲೆಗಳು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಎರಡು ಪಟ್ಟು ಉಳಿಯಿತು. ಇದನ್ನು ಹಗುರವಾಗಿ ನೋಡಬೇಕಿಲ್ಲ. ಆದರೆ ನಿಧಾನ ಇಳಿದವರಲ್ಲೂ ಆ ಆರು ವರ್ಷದಲ್ಲಿ ತೀರಿಕೊಂಡವರು ನೂರಕ್ಕೆ ಸುಮಾರು 19 ಮಂದಿ, ಉಳಿದವರೆಲ್ಲ ಬದುಕಿದ್ದರು. ಅಂದರೆ ಇದು ‘ಇನ್ನೊಂದು ಸಲ ನೋಡಿ’ ಎನ್ನುವ ಸೂಚನೆ, ಕಾಯಿಲೆಯ ಹೆಸರಲ್ಲ.

ಆ ಅಂಕಿಗೆ ಇನ್ನೊಂದು ಷರತ್ತಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಆ ಅಧ್ಯಯನದಲ್ಲಿ ಜನ ಇನ್ನು ಆಗದು ಎನ್ನುವಷ್ಟು ಶ್ರಮಪಟ್ಟ ಮೇಲೆ, ಪೂರ್ತಿ ನಿಲ್ಲದೆ ಗಂಟೆಗೆ ಸುಮಾರು 2.4 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಿದ್ದರು. ಕಾಲು ಆಡುತ್ತಲೇ ಇದ್ದರೆ ಬಡಿತ ನಿಧಾನವಾಗಿ ಇಳಿಯುತ್ತದೆ. ವ್ಯಾಯಾಮ ಮುಗಿದ ತಕ್ಷಣ ಮಲಗಿಸಿ ಹೃದಯದ ಸ್ಕ್ಯಾನ್ ಮಾಡುವ ಪರೀಕ್ಷೆಯಲ್ಲಿ ಇಳಿಕೆ ಹೆಚ್ಚಿರುವುದರಿಂದ ಅಲ್ಲಿ ಬಳಸುವ ಗಡಿ 18. ಹೀಗಾಗಿ ನಡೆಯುತ್ತಾ ಅಳೆದದ್ದನ್ನೂ ಮಲಗಿ ಅಳೆದದ್ದನ್ನೂ ಒಂದೇ ಗಡಿಗೆ ಹೋಲಿಸಬಾರದು. ಸಾಧಾರಣ ಶ್ರಮದ ನಡಿಗೆಯ ನಂತರದ ಇಳಿಕೆಗೂ 12ರ ಗಡಿಯನ್ನು ಹಾಗೆಯೇ ಹಚ್ಚಲಾಗದು. ನೀವು 153 ಮುಟ್ಟಿದ್ದೀರಿ. ನಿಮ್ಮ ವಯಸ್ಸಿಗೆ ಅಂದಾಜು ಗರಿಷ್ಠ 172 (220ರಿಂದ ವಯಸ್ಸು ಕಳೆದರೆ ಬರುವ ಅಂಕಿ, ಇದರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ಸಾಮಾನ್ಯ). ಶ್ರಮ ಸಾಕಷ್ಟಿತ್ತು, ನಿಂತಿದ್ದಾಗ 19 ಇಳಿದಿದೆ. ಇದನ್ನು ನಿಧಾನ ಎಂದು ನಾನು ಕರೆಯುವುದಿಲ್ಲ.

ಆದರೂ ಒಂದೇ ಅಳತೆ ನಂಬಬೇಡಿ. ಮಣಿಕಟ್ಟಿನ ವಾಚು ಬೆಳಕಿನಿಂದ ರಕ್ತದ ಹರಿವನ್ನು ಓದಿ ಕೆಲವು ಸೆಕೆಂಡುಗಳ ಸರಾಸರಿ ಕೊಡುತ್ತದೆ, ಬಡಿತ ಬೇಗ ಬದಲಾಗುವಾಗ ಹಿಂದೆ ಬೀಳುತ್ತದೆ. ಎದೆಗೆ ಕಟ್ಟುವ ಪಟ್ಟಿ ಸಿಕ್ಕರೆ ಒಳ್ಳೆಯದು. ಬೆರಳಿಟ್ಟು 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸುವ ವಿಧಾನ ಇಲ್ಲಿಗೆ ಸಾಲದು. ಒಂದು ಬಡಿತ ತಪ್ಪಿದರೆ ಆರರ ವ್ಯತ್ಯಾಸ, ನಾವು ಹುಡುಕುತ್ತಿರುವುದೇ ಅಷ್ಟು ಸಣ್ಣ ವ್ಯತ್ಯಾಸ.

ಹೀಗೆ ಮಾಡಿ. ಊಟವಾಗಿ ಎರಡು ಗಂಟೆ ಕಳೆದಿರಲಿ, ಮೂರು ಗಂಟೆಯೊಳಗೆ ಕಾಫಿ ಕುಡಿದಿರಬೇಡಿ, ನಿದ್ದೆಗೆಟ್ಟ ದಿನ ಅಥವಾ ಜ್ವರ ಇದ್ದ ದಿನ ಬೇಡ. ಐದು ನಿಮಿಷ ನಿಧಾನವಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಆರರಿಂದ ಎಂಟು ನಿಮಿಷ, ಪೂರ್ತಿ ವಾಕ್ಯ ಹೇಳಲಾಗದೆ ಮೂರ್ನಾಲ್ಕು ಪದ ಮಾತ್ರ ಹೇಳಬಲ್ಲಷ್ಟು ವೇಗದಲ್ಲಿ ನಡೆಯಿರಿ. ಕೊನೆಯ ಒಂದು ನಿಮಿಷ ವೇಗ ಬದಲಿಸಬೇಡಿ. ಬೆಲ್ಟ್ ನಿಂತದ್ದೇ ಪಕ್ಕದ ಕುರ್ಚಿಯಲ್ಲಿ ಕುಳಿತುಬಿಡಿ. ಜೋರು ನಡಿಗೆಯಿಂದ ಥಟ್ಟನೆ ಅಲುಗಾಡದೆ ನಿಂತರೆ ರಕ್ತ ಕಾಲಲ್ಲಿ ಉಳಿದು ತಲೆ ಸುತ್ತಬಹುದು. ಆ ಒಂದು ನಿಮಿಷ ಮಾತು, ನೀರು, ಫೋನ್ ಏನೂ ಬೇಡ. ಗುಂಡಿ ಯಾವಾಗ ಒತ್ತಿದಿರಿ ಎಂಬುದನ್ನು ಬಿಟ್ಟು, ಗ್ರಾಫಿನಲ್ಲಿ ನಿಂತ ಕ್ಷಣ ಮತ್ತು 60 ಸೆಕೆಂಡಿನ ನಂತರದ ಅಂಕಿಗಳನ್ನು ಬರೆದುಕೊಳ್ಳಿ. ನಂತರ ಐದು ನಿಮಿಷ ಮೆಲ್ಲಗೆ ನಡೆದು ಮುಗಿಸಿ. ಬೇರೆ ಬೇರೆ ಮೂರು ದಿನ ಇದನ್ನೇ ಮಾಡಿ, ಮೂರರಲ್ಲಿ ನಡುವಿನ ಅಂಕಿ ಇಟ್ಟುಕೊಳ್ಳಿ.

ಮೂರೂ ದಿನ ಇಳಿಕೆ 12ರ ಆಸುಪಾಸಿನಲ್ಲೇ ಬಂದರೆ, ಹೆಚ್ಚಿನವರಿಗೆ ಕಾರಣ ದೇಹಕ್ಕೆ ವ್ಯಾಯಾಮದ ರೂಢಿ ತಪ್ಪಿರುವುದು. ಕೆಲವು ವಾರಗಳ ನಿಯಮಿತ ನಡಿಗೆಯಿಂದ ಅದು ಸುಧಾರಿಸುತ್ತದೆ. ರಕ್ತಹೀನತೆ, ಥೈರಾಯ್ಡ್ ಹೆಚ್ಚಿರುವುದು, ಹೃದಯದ ಪಂಪು ದುರ್ಬಲವಾಗಿರುವುದೂ ಕಾರಣವಾಗಬಹುದು. ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಬಡಿತ ಮೇಲೆ ಏರುವುದೇ ಕಡಿಮೆ, ಹಾಗಾಗಿ ಅವರ ಅಂಕಿಯನ್ನು ಬೇರೆಯಾಗಿಯೇ ಓದಬೇಕು. ಅಳತೆಗೋಸ್ಕರ ಆ ಮಾತ್ರೆ ನಿಲ್ಲಿಸುವುದು ಅಪಾಯ.

ನಿಮ್ಮ ವಿಷಯದಲ್ಲಿ ನಾನು ಹೆಚ್ಚು ಯೋಚಿಸುವುದು ಸಕ್ಕರೆ ಕಾಯಿಲೆಯ ಬಗ್ಗೆ. ಏರಿದ ಸಕ್ಕರೆ ವರ್ಷಗಟ್ಟಲೆ ಉಳಿದರೆ ಉದ್ದನೆಯ ನರಗಳು ಮೊದಲು ಸೊರಗುತ್ತವೆ. ತಲೆಬುಡದಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಅಂಥದ್ದು. ವಿಶ್ರಾಂತಿಯಲ್ಲೂ ಬಡಿತ 100ರ ಹತ್ತಿರ ಇರುವುದು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು ಇಂಥ ನರಗಳು ಸೊರಗಿರುವುದರ ಗುರುತಾಗಿರಬಹುದು. ಹೃದಯಕ್ಕೆ ರಕ್ತ ಸಾಲದೆ ಹೋದಾಗಲೂ ಇಂಥವರಿಗೆ ಎದೆನೋವು ಬಾರದಿರಬಹುದು, ಅದಕ್ಕೇ ‘ನೋವಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು. ಮುಂದಿನ ಸಲ ವೈದ್ಯರ ಬಳಿ ಹೋದಾಗ ಮೂರು ದಿನದ ಅಂಕಿಗಳನ್ನು ಅವು ಎಷ್ಟೇ ಬಂದಿರಲಿ ತೋರಿಸಿ. ಮಲಗಿದ್ದಾಗ ಮತ್ತು ಎದ್ದು ನಿಂತ ಮೇಲೆ ಬಿಪಿ ನೋಡಲು, ಆಳವಾಗಿ ಉಸಿರಾಡಿಸಿ ಇಸಿಜಿ ತೆಗೆಯಲು, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡಲು ಕೇಳಿ. ಟಿಎಂಟಿ ಎನ್ನುವ ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಅವರು ಇವುಗಳ ಮೇಲೆ ತೀರ್ಮಾನಿಸುತ್ತಾರೆ.

ನಡೆಯುವಾಗ ಎದೆ ಬಿಗಿದಂತಾದರೆ, ಹಿಂದೆಂದೂ ಇಲ್ಲದ ಏದುಸಿರು ಬಂದರೆ, ತಲೆಸುತ್ತಿ ಬಿದ್ದರೆ ಅಥವಾ ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಈ ಅಳತೆಯನ್ನು ಮತ್ತೆ ಮಾಡಲು ಹೋಗಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.