ಇನ್‌ವಾಯ್ಸ್ ಮೇಲ್‌ನಲ್ಲಿ ಬ್ಯಾಂಕ್ ವಿವರ ಹೇಗೆ ಬರೆಯಬೇಕು?

ಪ್ರಶ್ನೆ: ನನ್ನ ಖಾತೆ ಬದಲಾಗಿದೆ. ಇನ್‌ವಾಯ್ಸ್ ಕಳುಹಿಸುವಾಗ ಹಣ ಹೊಸ ಖಾತೆಗೇ ಬರುವಂತೆ ಮೇಲ್‌ನಲ್ಲಿ ಏನು ಬರೆಯಲಿ?

ಉತ್ತರ: ಮೊದಲು ಇನ್‌ವಾಯ್ಸ್‌ನ ಪಿಡಿಎಫ್ ತೆರೆದು ಅದರ ಅಡಿಭಾಗವನ್ನು ನೋಡಿ. ಮೇಲ್‌ನಲ್ಲಿ ಹೊಸ ಖಾತೆ, ಪಿಡಿಎಫ್‌ನಲ್ಲಿ ಹಳೆಯದು ಉಳಿದುಬಿಡುವುದೇ ಹೆಚ್ಚಿನ ಗೊಂದಲಕ್ಕೆ ಕಾರಣ. ಲೆಕ್ಕಪತ್ರ ವಿಭಾಗದವರು ಮೇಲ್ ಓದುವುದಿಲ್ಲ, ಪಿಡಿಎಫ್ ನೋಡಿಯೇ ಹಣ ಕಳುಹಿಸುತ್ತಾರೆ ಎಂದುಕೊಂಡೇ ಬರೆಯಿರಿ. ಎರಡೂ ಕಡೆ ಒಂದೇ ವಿವರವಿರಲಿ.

ಮೇಲ್‌ನಲ್ಲಿ ಇಷ್ಟು ಸಾಕು:

"ಇನ್‌ವಾಯ್ಸ್ ಸಂಖ್ಯೆ 47, ಮೊತ್ತ ₹18,500. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ. ಹಳೆಯ ಖಾತೆಗೆ ಹಣ ಹಾಕಬೇಡಿ. ಹೊಸ ವಿವರ ಕೆಳಗಿದೆ. ನಿಮ್ಮಲ್ಲಿ ಮೊದಲೇ ಇರುವ ನನ್ನ ಮೊಬೈಲ್ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳಿ."

ಕೊನೆಯ ಮಾತನ್ನು ದಯವಿಟ್ಟು ಬಿಡಬೇಡಿ. ವಂಚಕರು ಕೂಡ "ಖಾತೆ ಬದಲಾಗಿದೆ" ಎಂದೇ ಮೇಲ್ ಕಳುಹಿಸುತ್ತಾರೆ. ಎಚ್ಚರದ ಗ್ರಾಹಕರು ಅನುಮಾನಪಟ್ಟು ಪಾವತಿ ತಡೆದರೆ ಅದು ಸರಿಯೇ.

ಅದರ ಕೆಳಗೆ ಖಾತೆದಾರರ ಹೆಸರು, ಖಾತೆ ಸಂಖ್ಯೆ, ಖಾತೆಯ ಬಗೆ (ಉಳಿತಾಯ ಅಥವಾ ಚಾಲ್ತಿ), ಬ್ಯಾಂಕ್, ಶಾಖೆ ಮತ್ತು ಐಎಫ್‌ಎಸ್‌ಸಿ ಬರೆಯಿರಿ. ಹೆಸರು ಪಾಸ್‌ಬುಕ್‌ನಲ್ಲಿ ಇರುವಂತೆಯೇ ಇರಲಿ, ಅಂಗಡಿಯ ಫಲಕದಲ್ಲಿರುವಂತೆ ಅಲ್ಲ. ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ಹೆಸರು ಹೊಂದದಿದ್ದರೂ ತಪ್ಪು ಸಂಖ್ಯೆಯ ಖಾತೆಗೆ ಹೋಗಿಬಿಡಬಹುದು. ಆದ್ದರಿಂದ ಸಂಖ್ಯೆಯನ್ನು ಚಿತ್ರವಾಗಿ ಅಲ್ಲ, ನಕಲು ಮಾಡಬಹುದಾದ ಅಕ್ಷರಗಳಲ್ಲಿ ಕೊಡಿ.

ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ O ಅಲ್ಲ. ನಿಮ್ಮದು ಹಳೆಯ ಸಿಂಡಿಕೇಟ್ ಬ್ಯಾಂಕ್ ಖಾತೆಯಾಗಿದ್ದರೆ `SYNB` ಎಂದು ಆರಂಭವಾಗುವ ಕೋಡ್ 2021ರ ಜುಲೈನಿಂದ ನಡೆಯುವುದಿಲ್ಲ. ಈಗ ಕೆನರಾ ಬ್ಯಾಂಕಿನ `CNRB` ಕೋಡ್ ಬೇಕು.